ಹೇಳಲಿಲ್ಲ ಎಂದರೆ ಇಲ್ಲ ಎಂದಲ್ಲ

ನಾಗಪುರದಲ್ಲಿ ನೌಕರಿ ಮಾಡಿ ಅಲ್ಲೇ ನೆಲೆನಿಂತಿರುವ ಓದುಗರೊಬ್ಬರು ಬರೆದಿದ್ದಾರೆ. ಅವರ ಅಕ್ಕ ಧಾರವಾಡದಲ್ಲಿದ್ದಾರೆ, ಕಣ್ಣು ಕಾಣಿಸುವುದಿಲ್ಲ. ತಮ್ಮ ಊರೂರು ಸುತ್ತಿ ಫೋಟೊ ಕಳಿಸುತ್ತಾರೆ, ಅಕ್ಕ ಅದನ್ನು ಫೋನಿನ ಎಐ ವಿವರಣೆಯಲ್ಲಿ ಕೇಳಿಸಿಕೊಳ್ಳುತ್ತಾರೆ. ಈಚೆಗೆ ಕಳಿಸಿದ್ದು ನಾಗಪುರದ ಝೀರೋ ಮೈಲ್ ಸ್ತಂಭದ ಫೋಟೊ. ಕಂಬ, ಅದರ ಬಳಿಯ ನಾಲ್ಕು ಕುದುರೆಗಳು, ಹಿಂದಿನ ಮರಗಳು, ಬಿಸಿಲು, ಎಲ್ಲವೂ ವಿವರಣೆಯಲ್ಲಿ ಬಂದವಂತೆ. ಆದರೆ ರಸ್ತೆಯಾಚೆಗಿನ ಅಂಗಡಿಯ ಬೋರ್ಡಿನ ಬಗ್ಗೆಯಾಗಲಿ, ಅದರ ಕೆಳಗೆ ನಿಂತಿದ್ದ ಮನುಷ್ಯನ ಬಗ್ಗೆಯಾಗಲಿ ಒಂದು ಮಾತೂ ಇರಲಿಲ್ಲ. "ಅದಕ್ಕೆ ಕಾಣಿಸಲೇ ಇಲ್ಲವೋ, ಕಂಡರೂ ಹೇಳಲಿಲ್ಲವೋ?" ಎಂಬುದು ಅವರ ಪ್ರಶ್ನೆ.

ಇದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಹಲವರು ಕೇಳುತ್ತಲೇ ಇದ್ದಾರೆ. ನಾಗಪುರದವರು ಕೇಳಿದ ರೀತಿ ನನಗೆ ಹಿಡಿಸಿತು, ಏಕೆಂದರೆ ಪ್ರಶ್ನೆಯೊಳಗೇ ಅರ್ಧ ಉತ್ತರವಿದೆ. ಕಾಣದಿರುವುದು ಬೇರೆ, ಕಂಡು ಹೇಳದಿರುವುದು ಬೇರೆ. ಹೊರಗಿನಿಂದ ಎರಡೂ ಒಂದೇ ಥರದ ಮೌನವಾಗಿ ಕೇಳಿಸುತ್ತವೆ, ಆದರೆ ಎರಡಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಕಣ್ಣಿರುವವರಿಗೆ ಇದೊಂದು ಕುತೂಹಲ, ಅಷ್ಟೆ. 2023ರ ಮಾರ್ಚಿನಲ್ಲಿ 'ಬಿ ಮೈ ಐಸ್' ಎಂಬ ಆ್ಯಪ್ ಜಿಪಿಟಿ-4ರ ಸಹಾಯದಿಂದ ಫೋಟೊ ವಿವರಿಸುವ ವ್ಯವಸ್ಥೆಯನ್ನು ಪ್ರಕಟಿಸಿದ ಮೇಲೆ, ದೃಷ್ಟಿ ಇಲ್ಲದ ಎಷ್ಟೋ ಮಂದಿಗೆ ಈ ವಿವರಣೆಯೇ ಫೋಟೊ. ಅದರಲ್ಲಿ ಬಾರದ್ದು ಅವರ ಪಾಲಿಗೆ ಆ ಜಾಗದಲ್ಲೇ ಇಲ್ಲ.

ಮೊದಲು ಕಾಣುವ ವಿಷಯ. ಇದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಇಂದಿನ ಸಾಧಾರಣ ಫೋನಿನ ಮುಖ್ಯ ಕ್ಯಾಮೆರಾ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಚಿತ್ರ ಕೊಡುತ್ತದೆ ಎಂದುಕೊಳ್ಳೋಣ. ಅದರ ನೋಟದ ಹರವು ಸುಮಾರು 67 ಡಿಗ್ರಿ. ಅಂದರೆ ನೂರು ಮೀಟರ್ ದೂರದಲ್ಲಿ ಅದು 130 ಮೀಟರ್‌ಗಿಂತ ತುಸು ಹೆಚ್ಚು ಅಗಲದ ದೃಶ್ಯವನ್ನು ಒಂದೇ ಚೌಕಟ್ಟಿಗೆ ತುಂಬಿಕೊಳ್ಳುತ್ತದೆ. ಆ ದೂರದಲ್ಲಿ ಒಂದು ಮೀಟರಿಗೆ ಸಿಗುವುದು ಬರೀ 30 ಪಿಕ್ಸೆಲ್. ಅಲ್ಲಿ ನಿಂತಿರುವ ಆಳೆತ್ತರದ ವ್ಯಕ್ತಿಗೆ ಐವತ್ತು ಪಿಕ್ಸೆಲ್, ಮೂರು ಮೀಟರ್ ಅಗಲದ ಅಂಗಡಿ ಬೋರ್ಡಿಗೆ ತೊಂಬತ್ತು ಪಿಕ್ಸೆಲ್, ಬೋರ್ಡಿನ ಮೇಲಿರುವ ಒಂದಡಿ ಎತ್ತರದ ಅಕ್ಷರಕ್ಕೆ ಒಂಬತ್ತು ಪಿಕ್ಸೆಲ್. ಇದು ಮೂಲ ಚಿತ್ರದಲ್ಲಿ, ಕೈ ಅಲುಗದೆ, ಬೆಳಕು ಚೆನ್ನಾಗಿದ್ದಾಗಿನ ಮಾತು.

ಆದರೆ ಮೂಲ ಚಿತ್ರ ಹಾಗೇ ಮಾಡೆಲ್‌ಗೆ ತಲುಪುವುದು ಅಪರೂಪ. ಪ್ರತಿ ಮಾಡೆಲ್‌ಗೂ ತಾನು ತೆಗೆದುಕೊಳ್ಳುವ ಚಿತ್ರಕ್ಕೊಂದು ಮಿತಿ ಇದೆ. ಅದಕ್ಕಿಂತ ದೊಡ್ಡದನ್ನು ಮೊದಲು ಕುಗ್ಗಿಸಿಕೊಳ್ಳುತ್ತದೆ. 2023ರಲ್ಲಿ ಬಂದ, ಯಾರು ಬೇಕಾದರೂ ಇಳಿಸಿಕೊಂಡು ಪರೀಕ್ಷಿಸಬಹುದಾದ ಲಾವಾ-1.5 ಎಂಬ ಮಾಡೆಲ್ ಎಂಥ ಚಿತ್ರವನ್ನೂ 336×336 ಪಿಕ್ಸೆಲ್‌ಗೆ ಇಳಿಸುತ್ತಿತ್ತು. ಹಾಗೆ ಇಳಿಸಿದಾಗ ನಮ್ಮ ದೂರದ ವ್ಯಕ್ತಿ ನಾಲ್ಕು ಪಿಕ್ಸೆಲ್ ಎತ್ತರದ ಚುಕ್ಕೆಯಾಗುತ್ತಾನೆ, ಅಕ್ಷರ ಒಂದು ಪಿಕ್ಸೆಲ್ಲೂ ಉಳಿಯುವುದಿಲ್ಲ. ಅದೇ ವರ್ಷ ಓಪನ್‌ಎಐ ಹೊರತಂದ ಜಿಪಿಟಿ-4ರ ಚಿತ್ರ ನೋಡುವ ಆವೃತ್ತಿ ಇನ್ನಷ್ಟು ಉದಾರವಾಗಿತ್ತು. ಹೆಚ್ಚು ವಿವರ ಬೇಕೆಂದರೆ ಅದು ಚಿತ್ರದ ಚಿಕ್ಕ ಬದಿಯನ್ನು 768 ಪಿಕ್ಸೆಲ್‌ಗೆ ತಂದು, 512 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸಿ ನೋಡುತ್ತಿತ್ತು. ನಮ್ಮ ಲೆಕ್ಕದಲ್ಲಿ ವ್ಯಕ್ತಿಗೆ 13 ಪಿಕ್ಸೆಲ್, ಅಕ್ಷರಕ್ಕೆ ಎರಡು ಚಿಲ್ಲರೆ. ಈಚಿನ ಮಾಡೆಲ್‌ಗಳಲ್ಲಿ ಉದ್ದದ ಬದಿ 1500 ಪಿಕ್ಸೆಲ್ ದಾಟುವವೂ ಇವೆ. ಆಗಲೂ ವ್ಯಕ್ತಿ ಇಪ್ಪತ್ತು ಪಿಕ್ಸೆಲ್ ಆಸುಪಾಸು, ಅಕ್ಷರ ಮೂರು ನಾಲ್ಕು. ಆ ಬೋರ್ಡಿನ ಮೇಲೆ ಏನು ಬರೆದಿದೆ ಎಂಬುದು ಮಾಡೆಲ್ ಯೋಚಿಸುವ ಮೊದಲೇ ಅಳಿಸಿಹೋಗಿದೆ. ಎಷ್ಟೇ ಜಾಣ ಮಾಡೆಲ್ ಆದರೂ ಇಲ್ಲದ್ದನ್ನು ಓದಲಾರದು.

ಇನ್ನೊಂದು ಸೂಕ್ಷ್ಮ. ಕುಗ್ಗಿಸಿದ ಚಿತ್ರವನ್ನೂ ಮಾಡೆಲ್ ಪಿಕ್ಸೆಲ್ ಪಿಕ್ಸೆಲ್ಲಾಗಿ ನೋಡುವುದಿಲ್ಲ. ಸಣ್ಣ ಚೌಕಗಳಾಗಿ ಹೆಚ್ಚಿಕೊಂಡು, ಒಂದೊಂದು ಚೌಕವನ್ನೂ ಒಂದೊಂದು ಸಂಖ್ಯೆಗಳ ಸಾಲಾಗಿ ಮಾರ್ಪಡಿಸುತ್ತದೆ. ಲಾವಾ-1.5ರಲ್ಲಿ ಚೌಕದ ಬದಿ 14 ಪಿಕ್ಸೆಲ್. ಹಾಗಾಗಿ ಇಡೀ ಫೋಟೊ 24 ಅಡ್ಡ, 24 ಉದ್ದ, ಒಟ್ಟು 576 ಚೌಕ. ನಾಗಪುರದ ಆ ಬೋರ್ಡು, ಅದರ ಕೆಳಗಿನ ವ್ಯಕ್ತಿ, ಪಕ್ಕದ ವಿದ್ಯುತ್ ಕಂಬ, ಹಿಂದಿನ ಗೋಡೆ ಎಲ್ಲ ಸೇರಿ ಒಂದೇ ಚೌಕದೊಳಗೆ ಕೂರುತ್ತವೆ. ಆ ಚೌಕದ ಸಂಖ್ಯೆಗಳಲ್ಲಿ 'ಕಟ್ಟಡದ ಯಾವುದೋ ಭಾಗ' ಎನ್ನುವಷ್ಟು ಉಳಿದರೆ ಅದೇ ಹೆಚ್ಚು.

ವಾಟ್ಸಾಪ್‌ನ ಪಾತ್ರವನ್ನೂ ಇಲ್ಲಿ ಹೇಳಲೇಬೇಕು, ಏಕೆಂದರೆ ನಾಗಪುರದ ಫೋಟೊ ಧಾರವಾಡ ಮುಟ್ಟಿದ್ದು ಅದರ ಮೂಲಕ. ಮಾಮೂಲಿ ಗುಣಮಟ್ಟದಲ್ಲಿ ಕಳಿಸಿದರೆ ವಾಟ್ಸಾಪ್ ಫೋಟೊದ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸಿ, ಮೇಲೆ ಇನ್ನಷ್ಟು ಒತ್ತುತ್ತದೆ. ಈ ಒತ್ತುವಿಕೆ ನಡೆಯುವುದು ಎಂಟೆಂಟು ಪಿಕ್ಸೆಲ್‌ನ ತುಂಡುಗಳಲ್ಲಿ. ನಾಲ್ಕು ಪಿಕ್ಸೆಲ್ ಎತ್ತರದ ಅಕ್ಷರ ಅಂಥ ತುಂಡಿನೊಳಗೆ ಸಿಕ್ಕಿಕೊಂಡು ಮಸುಕು ಕಲೆಯಾಗುತ್ತದೆ. ಅಕ್ಕನ ಫೋನು ತಲುಪುವ ಹೊತ್ತಿಗೆ ಆ ಬೋರ್ಡನ್ನು ಕಣ್ಣಿರುವವರು ಎಷ್ಟು ಹಿಗ್ಗಿಸಿ ನೋಡಿದರೂ ಓದಲಾಗದು. ತಮ್ಮನ ಫೋನಿನಲ್ಲಿ ಮಾತ್ರ ಅದು ಇನ್ನೂ ಓದುವಂತಿರುತ್ತದೆ. "ನನಗೆ ಕಾಣುತ್ತಿದೆಯಲ್ಲ" ಎಂದು ಅವರಿಗೆ ಆಶ್ಚರ್ಯವಾದದ್ದು ಇದರಿಂದಲೇ. ಇಬ್ಬರ ಕೈಯಲ್ಲಿರುವುದು ಒಂದೇ ಫೋಟೊ ಅಲ್ಲ.

ಲಿಪಿಯೂ ಲೆಕ್ಕಕ್ಕೆ ಬರುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಏಳು ಸಾಲು ಚುಕ್ಕೆಗಳಲ್ಲಿ ಓದುವಂತೆ ಮೂಡಿಸಬಹುದು; ಹಳೆಯ ಎಲೆಕ್ಟ್ರಾನಿಕ್ ಬೋರ್ಡುಗಳು ಹಾಗೇ ಇರುತ್ತಿದ್ದವು. ದೇವನಾಗರಿಗೆ ಮೇಲೆ ಮಾತ್ರೆ, ಕೆಳಗೆ ಉಕಾರ ಬೇಕು. ಕನ್ನಡಕ್ಕೆ ಗುಣಿತದ ಕೊಂಬು, ಒತ್ತಕ್ಷರ ಬೇಕು. ಏಳು ಸಾಲಿನಲ್ಲಿ ಅವು ಹಿಡಿಯುವುದಿಲ್ಲ, ಹೆಚ್ಚುಕಡಿಮೆ ಎರಡರಷ್ಟು ಜಾಗ ಕೇಳುತ್ತವೆ. ಹಾಗಾಗಿ ಒಂದೇ ಬೋರ್ಡಿನಲ್ಲಿ ಮರಾಠಿಯೂ ಇಂಗ್ಲಿಷೂ ಇದ್ದು, ಇಂಗ್ಲಿಷ್ ಸಾಲು ಮಾತ್ರ ವಿವರಣೆಯಲ್ಲಿ ಬಂದರೆ ಅದನ್ನು ಭಾಷೆಯ ಮೇಲಿನ ಅಸಡ್ಡೆ ಎಂದು ಕೂಡಲೇ ತೀರ್ಮಾನಿಸಬೇಕಿಲ್ಲ. ನಮ್ಮ ಲಿಪಿಗಳಲ್ಲಿ ಈ ಮಾಡೆಲ್‌ಗಳ ತರಬೇತಿ ಕಡಿಮೆ ಎಂಬ ಕೊರತೆ ಇದ್ದೇ ಇದೆ, ಅದರ ಮೇಲೆ ಪಿಕ್ಸೆಲ್ಲಿನ ಕೊರತೆಯೂ ಕೂಡಿಕೊಳ್ಳುತ್ತದೆ.

ಈಗ ಎರಡನೆಯ ಸಾಧ್ಯತೆ, ಕಂಡರೂ ಹೇಳದಿರುವುದು. ನೂರು ಮೀಟರ್ ಬದಲು ಮೂವತ್ತು ಮೀಟರ್ ದೂರದಲ್ಲಿ ಆ ವ್ಯಕ್ತಿ ನಿಂತಿದ್ದರೆ ಅವನು ಮಾಡೆಲ್‌ಗೆ ಚೆನ್ನಾಗಿಯೇ ಕಾಣುತ್ತಾನೆ. ಆದರೂ 'ಈ ಚಿತ್ರದಲ್ಲಿ ಏನಿದೆ' ಎಂಬ ಸಾಮಾನ್ಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಅವನು ಇಲ್ಲದಿರಬಹುದು. ಇದಕ್ಕೆ ಕಾರಣ ಹುಡುಕಿದರೆ ಮನುಷ್ಯರೇ ಬರೆದ ಒಂದು ಸೂಚನೆಯ ಹತ್ತಿರ ಬಂದು ನಿಲ್ಲುತ್ತೇವೆ. ಚಿತ್ರಕ್ಕೆ ವಾಕ್ಯ ಬರೆಯುವುದನ್ನು ಯಂತ್ರಗಳಿಗೆ ಕಲಿಸಲು ಬಹಳ ಬಳಕೆಯಾದ ಸಂಗ್ರಹ 2015ರ ಕೋಕೋ ಕ್ಯಾಪ್ಶನ್ಸ್. ಅದರಲ್ಲಿ ಹೆಚ್ಚಿನ ಚಿತ್ರಗಳಿಗೆ ಐದು ಮಂದಿ ಒಂದೊಂದು ವಾಕ್ಯ ಬರೆದಿದ್ದಾರೆ. ಬರೆಯುವವರಿಗೆ ಕೊಟ್ಟ ಸೂಚನೆಗಳಲ್ಲಿ, ದೃಶ್ಯದ ಮುಖ್ಯ ಭಾಗಗಳನ್ನೆಲ್ಲ ವಿವರಿಸಬೇಕು, ಮುಖ್ಯವಲ್ಲದ ವಿವರ ಹೇಳಬಾರದು, ವಾಕ್ಯದಲ್ಲಿ ಎಂಟು ಪದಗಳಾದರೂ ಇರಬೇಕು ಎಂದಿತ್ತು. ಅಂದರೆ ಹಿನ್ನೆಲೆಯನ್ನು ಬಿಟ್ಟುಬಿಡುವುದು ಯಂತ್ರ ತಾನೇ ಕಂಡುಕೊಂಡ ಗುಣವಲ್ಲ. ಹಾಗೆ ಬರೆಯಿರಿ ಎಂದು ಹೇಳಿ ಬರೆಸಿದ ಲಕ್ಷಾಂತರ ವಾಕ್ಯಗಳಿಂದ ಅದು ಕಲಿತ ರೂಢಿ.

ಈ ರೂಢಿ ಉತ್ತರ ಬರೆಯುವ ಹಂತದಲ್ಲಿ ಮಾತ್ರ ಇಲ್ಲ, ನೋಡುವ ಹಂತಕ್ಕೂ ಇಳಿದಿದೆ. ಲಾವಾದಂಥ ಮಾಡೆಲ್‌ಗಳು ಕಣ್ಣಾಗಿ ಬಳಸುವುದು ಓಪನ್‌ಎಐ 2021ರಲ್ಲಿ ಪ್ರಕಟಿಸಿದ ಕ್ಲಿಪ್ ಎಂಬುದನ್ನು. ಅದು ಅಂತರ್ಜಾಲದಿಂದ ಆಯ್ದ 40 ಕೋಟಿ ಚಿತ್ರಗಳನ್ನು ಅವುಗಳ ಜೊತೆಗಿದ್ದ ಬರಹದೊಂದಿಗೆ ಹೊಂದಿಸಿ ಕಲಿತದ್ದು. ಚಿತ್ರದ ಜೊತೆ ನಾವು ಏನು ಬರೆಯುತ್ತೇವೆ? 'ಝೀರೋ ಮೈಲ್, ನಾಗಪುರ' ಎಂದೋ, 'ರಜೆಯಲ್ಲಿ ನಾವು' ಎಂದೋ ಬರೆಯುತ್ತೇವೆ. ಹಿಂದಿನ ಟೈರ್ ಅಂಗಡಿಯ ಬೋರ್ಡಿನ ಬಗ್ಗೆ ಯಾರೂ ಬರೆಯುವುದಿಲ್ಲ. ಆದ್ದರಿಂದ ಯಾವುದು ಬರಹದಲ್ಲಿ ಬರುತ್ತದೋ ಅದನ್ನೇ ಹಿಡಿದಿಟ್ಟುಕೊಳ್ಳುವಂತೆ ಆ ಕಣ್ಣು ರೂಪುಗೊಂಡಿದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸೈನಿಂಗ್ ಶಿಯೆ ಮತ್ತು ಸಹೋದ್ಯೋಗಿಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನುಷ್ಯರಿಗೆ ಎದ್ದು ಕಾಣುವ ವ್ಯತ್ಯಾಸವಿರುವ ಎರಡು ಚಿತ್ರಗಳನ್ನು ಕ್ಲಿಪ್ ಹೆಚ್ಚುಕಡಿಮೆ ಒಂದೇ ಎಂದು ಎಣಿಸುವ ಉದಾಹರಣೆಗಳನ್ನು ಕಲೆಹಾಕಿ, ಅದೇ ಕುರುಡು ಅದನ್ನು ನೆಚ್ಚಿದ ಮಾಡೆಲ್‌ಗಳಿಗೂ ದಾಟುತ್ತದೆ ಎಂದು ತೋರಿಸಿದರು.

ಹಾಗಾದರೆ ಒಂದು ನಿರ್ದಿಷ್ಟ ಫೋಟೊದಲ್ಲಿ ಆದದ್ದು ಯಾವುದು ಎಂದು ತಿಳಿಯುವುದು ಹೇಗೆ? ಮೊದಲು ಇಡೀ ಫೋಟೊ ಇಟ್ಟುಕೊಂಡೇ, ಏನನ್ನೂ ಸೂಚಿಸದೆ, ಜಾಗ ಹಿಡಿದು ಕೇಳಬೇಕು: ಚಿತ್ರದ ಬಲ ಅಂಚಿನಲ್ಲಿ, ಮರಗಳ ಹಿಂದೆ ಏನೇನಿದೆ? ಆಗ ಬೋರ್ಡೂ ವ್ಯಕ್ತಿಯೂ ಸರಿಯಾಗಿ ಬಂದರೆ ಮೊದಲೂ ಕಂಡಿತ್ತು, ಹೇಳಿರಲಿಲ್ಲ ಅಷ್ಟೆ. ಆಗಲೂ ಬಾರದಿದ್ದರೆ ಮೂಲ ಫೋಟೊದಿಂದ ಆ ಭಾಗವನ್ನಷ್ಟೇ ಕತ್ತರಿಸಿ ಹೊಸ ಚಿತ್ರವಾಗಿ ಕೊಡಬೇಕು. ನಮ್ಮ ಉದಾಹರಣೆಯಲ್ಲಿ 400×300 ಪಿಕ್ಸೆಲ್‌ನ ತುಂಡು ಕತ್ತರಿಸಿದರೆ ಅದನ್ನು ಮಿತಿಗೆ ಇಳಿಸುವ ಅಗತ್ಯ ಬಹುತೇಕ ಬೀಳುವುದಿಲ್ಲ. ಬೋರ್ಡಿಗೆ ಅದರ ತೊಂಬತ್ತು ಪಿಕ್ಸೆಲ್, ಅಕ್ಷರಕ್ಕೆ ಅದರ ಒಂಬತ್ತು ಪಿಕ್ಸೆಲ್ ಪೂರ್ತಿ ಸಿಗುತ್ತವೆ. ಇಂಗ್ಲಿಷ್ ಅಕ್ಷರವಾದರೆ ಓದಲು ಬಂದೀತು. ತುಂಡಿನಲ್ಲಿ ಕಂಡದ್ದು ಇಡೀ ಫೋಟೊದಲ್ಲಿ ಕೇಳಿದರೂ ಕಾಣದಿದ್ದರೆ, ತೊಡಕು ಕುಗ್ಗಿಸುವಿಕೆಯಲ್ಲಿದೆ ಎಂದು ನಂಬಬಹುದು. ಈ ಪರೀಕ್ಷೆಯನ್ನು ವಾಟ್ಸಾಪ್‌ನಲ್ಲಿ ಬಂದ ಪ್ರತಿಯ ಮೇಲೆ ಮಾಡಿ ಪ್ರಯೋಜನವಿಲ್ಲ. ಅದರಿಂದ ಕತ್ತರಿಸಿದ ತುಂಡಿನಲ್ಲಿ ಅಕ್ಷರಕ್ಕೆ ಮೂರೂವರೆ ಪಿಕ್ಸೆಲ್ಲೇ ಇರುತ್ತದೆ, ಎಷ್ಟು ಹಿಗ್ಗಿಸಿದರೂ ಅಷ್ಟೇ.

ಇಲ್ಲಿಯೇ ಮೂರನೆಯ ತೊಂದರೆ ಒಳಬರುತ್ತದೆ, ಮತ್ತು ನನ್ನ ಮಟ್ಟಿಗೆ ಇದೇ ಹೆಚ್ಚು ಅಪಾಯದ್ದು: ಕಾಣದೆ ಹೇಳುವುದು. ಝೀರೋ ಮೈಲ್ ಇದಕ್ಕೆ ತಕ್ಕ ಜಾಗ. ಬ್ರಿಟಿಷರ ಕಾಲದ ಮಹಾ ತ್ರಿಕೋನಮಿತಿ ಸರ್ವೆಗೆ ಸೇರಿದ ಗುರುತು ಅದು. ವಿಧಾನ ಭವನದ ಹತ್ತಿರವೇ ಇದೆ. ಬುಡದ ಕಲ್ಲಿನ ಮೇಲೆ ಹೈದರಾಬಾದ್, ಜಬಲ್ಪುರ, ಸಿವನಿ ಮೊದಲಾದ ಊರುಗಳ ದೂರವನ್ನು ಮೈಲಿಗಳಲ್ಲಿ ಕೆತ್ತಿದ್ದಾರೆ. ಇವೆಲ್ಲ ಅಂತರ್ಜಾಲದ ನೂರಾರು ಪುಟಗಳಲ್ಲಿ ಇರುವ ಸಂಗತಿಗಳು, ಹಾಗಾಗಿ ಮಾಡೆಲ್‌ನ ನೆನಪಿನಲ್ಲೂ ಇರುತ್ತವೆ. ಕಂಬವನ್ನೂ ಕುದುರೆಗಳನ್ನೂ ಗುರುತು ಹಿಡಿದ ಮೇಲೆ, ಕಲ್ಲಿನ ಮೇಲೆ ಏನು ಬರೆದಿದೆ ಎಂದರೆ ಒಂದಕ್ಷರ ಓದದೆಯೂ ಅದು ಸರಿಯುತ್ತರ ಕೊಡಬಲ್ಲದು. ಹತ್ತಿರದ ಮೆಟ್ರೊ ನಿಲ್ದಾಣದ ಹೆಸರು ಝೀರೋ ಮೈಲ್ ಫ್ರೀಡಂ ಪಾರ್ಕ್. ದೂರದಲ್ಲಿ ಮಸುಕಾಗಿ ಒಂದು ಉದ್ದನೆಯ ಬೋರ್ಡು ಇದ್ದರೆ ಅದನ್ನು ಈ ಹೆಸರಾಗಿ 'ಓದುವ' ಸಾಧ್ಯತೆಯೂ ಇದೆ. ಕೇಳಿದವರು "ಎಷ್ಟು ಚೆನ್ನಾಗಿ ಓದಿತು!" ಎಂದುಕೊಳ್ಳುತ್ತಾರೆ.

ಆದ್ದರಿಂದ ಒಂದು ಮಾಡೆಲ್‌ನ ನೋಟ ಎಷ್ಟು ಚುರುಕು ಎಂದು ಅಳೆಯಬೇಕಾದರೆ ಹೆಸರುವಾಸಿ ಜಾಗದ ಹೆಸರುವಾಸಿ ಬರಹವನ್ನು ಆರಿಸಬಾರದು. ಊಹಿಸಲು ಬಾರದ ಬರಹ ಬೇಕು. 'ಎರಡನೇ ಮಹಡಿ ಬಾಡಿಗೆಗಿದೆ' ಎಂಬ ಚೀಟಿ, ಅಂಗಡಿಯ ಬಾಗಿಲಿನ ಸಂಖ್ಯೆ, ಆಟೊ ಹಿಂದೆ ಬರೆದ ಒಂದು ಹೆಸರು, ಇಂಥವು. ಅವುಗಳನ್ನು ಸರಿಯಾಗಿ ಹೇಳಿದರೆ ಮಾತ್ರ ಓದಿತು ಎನ್ನಬಹುದು. ಹಾಗೆಯೇ ಚಿತ್ರದಲ್ಲಿ ಇಲ್ಲದ್ದರ ಬಗ್ಗೆಯೂ ಒಂದು ಪ್ರಶ್ನೆ ಸೇರಿಸಬೇಕು. 'ಸ್ತಂಭದ ಎಡಕ್ಕೆ ಕೂತಿರುವ ಹೆಂಗಸು ಯಾವ ಬಣ್ಣದ ಸೀರೆ ಉಟ್ಟಿದ್ದಾಳೆ' ಎಂದು ಕೇಳಿದಾಗ, ಹೆಂಗಸೇ ಇಲ್ಲದ ಚಿತ್ರದಲ್ಲೂ ಒಂದು ಬಣ್ಣ ಬಂದರೆ, ಅದೇ ಮಾಡೆಲ್ ದೂರದ ವ್ಯಕ್ತಿಯ ಬಗ್ಗೆ ಹೇಳಿದ 'ಹೌದು'ಗೂ ಬೆಲೆ ಇಲ್ಲ. 2023ರಲ್ಲಿ ಚೀನಾದ ಸಂಶೋಧಕರು ರೂಪಿಸಿದ ಪೋಪ್ ಎಂಬ ಪರೀಕ್ಷೆ ನಿಂತಿರುವುದೂ ಇಂಥ ಇದೆಯೇ-ಇಲ್ಲವೇ ಪ್ರಶ್ನೆಗಳ ಮೇಲೆಯೇ. ಚಿತ್ರದಲ್ಲಿ ಇಲ್ಲದಿದ್ದರೂ ಅಂಥ ದೃಶ್ಯದಲ್ಲಿ ಸಾಮಾನ್ಯವಾಗಿ ಇರುವ ವಸ್ತುವಿನ ಬಗ್ಗೆ ಕೇಳಿದಾಗ ಮಾಡೆಲ್‌ಗಳು ಹೆಚ್ಚು ಎಡವುತ್ತವೆ ಎಂಬುದು ಅದರಲ್ಲಿ ಕಂಡುಬಂತು. ರಸ್ತೆ ಇದೆ ಎಂದರೆ ವಾಹನ ಇದ್ದೀತು, ಊಟದ ಮೇಜಿದೆ ಎಂದರೆ ಕುರ್ಚಿ ಇದ್ದೀತು ಎಂಬ ಅಂದಾಜಿನಲ್ಲಿ 'ಹೌದು' ಬರುತ್ತದೆ.

ಪರಿಸ್ಥಿತಿ ಇದ್ದಲ್ಲೇ ನಿಂತಿಲ್ಲ, ನಿಜ. ದೊಡ್ಡ ಫೋಟೊದೊಳಗಿನ ಸಣ್ಣ ವಸ್ತುವನ್ನು ಹುಡುಕುವುದಕ್ಕೆಂದೇ 2023ರ ಕೊನೆಯಲ್ಲಿ ಪೆಂಗ್‌ಹಾವ್ ವು ಮತ್ತು ಸೈನಿಂಗ್ ಶಿಯೆ 'ವಿ-ಸ್ಟಾರ್' ಎಂಬ ವಿಧಾನ ಮುಂದಿಟ್ಟರು: ಎಲ್ಲಿ ಇರಬಹುದೆಂದು ಮೊದಲು ಅಂದಾಜಿಸು, ಆ ಭಾಗವನ್ನು ಕತ್ತರಿಸಿ ಹತ್ತಿರದಿಂದ ನೋಡು, ಸಿಗದಿದ್ದರೆ ಮುಂದಿನ ಭಾಗಕ್ಕೆ ಹೋಗು. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಹೊರತಂದ ಓ3 ಮಾಡೆಲ್ ತಾನಾಗಿ ಚಿತ್ರವನ್ನು ಕತ್ತರಿಸಿ ಹಿಗ್ಗಿಸಿ ನೋಡಬಲ್ಲದು. ಇವೆಲ್ಲ ಒಳ್ಳೆಯ ಹೆಜ್ಜೆಗಳು. ಆದರೆ ಹುಡುಕಬೇಕಾದರೆ ಏನನ್ನು ಹುಡುಕುವುದೆಂದು ಗೊತ್ತಿರಬೇಕು. 'ಏನಿದೆ ಹೇಳು' ಎಂಬ ಪ್ರಶ್ನೆಯಲ್ಲಿ ಹುಡುಕುವ ವಸ್ತುವೇ ಇಲ್ಲ. ಹಾಗಾಗಿ ಹಿಗ್ಗಿಸಿ ನೋಡುವ ಸಾಮರ್ಥ್ಯವಿದ್ದರೂ ಸಾಮಾನ್ಯ ಉತ್ತರಕ್ಕೆ ಅದು ಕೆಲಸಕ್ಕೆ ಬಾರದೇ ಹೋಗಬಹುದು.

ಇಂಥ ಸೇವೆ ಕಟ್ಟುವವರಿಂದ ನಾನು ಬಯಸುವುದು ಒಂದನ್ನು. ದೂರದಲ್ಲಿ ಬೋರ್ಡಿನಂಥದ್ದು ಇದೆ, ಬರಹ ಓದಲಾಗುತ್ತಿಲ್ಲ ಎಂದು ಒಂದು ಸಾಲು ಸೇರಿಸುವ ಅಭ್ಯಾಸವನ್ನು ಮಾಡೆಲ್‌ಗೆ ಕಲಿಸಬೇಕು. ಹಾಗೆ ಹೇಳಿದರೆ ಧಾರವಾಡದ ಅಕ್ಕ ತಮ್ಮನಿಗೆ ಫೋನು ಮಾಡಿ "ಆ ಬೋರ್ಡಿನೊಳಗ ಏನು ಬರದದ?" ಎಂದು ಕೇಳಬಹುದು. ಬೋರ್ಡಿನ ಸುದ್ದಿಯೇ ಇಲ್ಲದ ಸುಂದರ ವಿವರಣೆ ಅವರಿಗೆ ಆ ಪ್ರಶ್ನೆಯನ್ನೇ ಕೊಡುವುದಿಲ್ಲ. ಎಲ್ಲ ವಿವರಣೆಯನ್ನೂ ಉದ್ದ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಪ್ರತಿ ಫೋಟೊಗೂ ಕಂಬ, ತಂತಿ, ಕಸದ ಬುಟ್ಟಿಗಳ ಪಟ್ಟಿ ಕೇಳುತ್ತ ಕೂರುವುದು ಯಾರಿಗೂ ಹಿತವಲ್ಲ. ಆದರೆ ಮನುಷ್ಯರು ಮತ್ತು ಬರಹ, ಇವೆರಡು ಹಿನ್ನೆಲೆಯಲ್ಲಿದ್ದರೂ ಹೇಳಬೇಕಾದವು. ಅಲ್ಲಿಯವರೆಗೆ, ದಾರಿಯಲ್ಲಿ ಯಾರೂ ಇಲ್ಲ, ಎಚ್ಚರಿಕೆಯ ಬೋರ್ಡು ಇಲ್ಲ ಎಂದು ತಿಳಿಯಲು ಯಾರೂ ಸಾಮಾನ್ಯ ವಿವರಣೆಯ ಮೌನವನ್ನು ಆಧಾರವಾಗಿ ಇಟ್ಟುಕೊಳ್ಳಕೂಡದು.

ನಾಗಪುರದ ಓದುಗರಿಗೆ ನನ್ನ ಸಲಹೆ ಇಷ್ಟು. ಫೋಟೊವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಪಿಕ್ಸೆಲ್‌ಗಳು ಹಾಗೇ ಹೋಗುತ್ತವೆ. ಎಚ್‌ಡಿ ಆಯ್ಕೆಯೂ ಮಾಮೂಲಿಗಿಂತ ವಾಸಿ. ಫೋನಿನಲ್ಲಿ ಮೂರು ಪಟ್ಟು ಹತ್ತಿರ ತರುವ ಲೆನ್ಸ್ ಇದ್ದರೆ ಹಿನ್ನೆಲೆಯದೇ ಇನ್ನೊಂದು ಫೋಟೊ ತೆಗೆಯಿರಿ. ನೂರು ಮೀಟರ್ ದೂರದ ಅಕ್ಷರಕ್ಕೆ ಒಂಬತ್ತರ ಬದಲು ಸುಮಾರು ಇಪ್ಪತ್ತೇಳು ಪಿಕ್ಸೆಲ್ ಸಿಗುತ್ತದೆ, ಮರಾಠಿ ಬೋರ್ಡನ್ನೂ ಓದಿಸಬಹುದು. ಜೊತೆಗೆ ಆ ಜಾಗದಲ್ಲಿ ನಿಮ್ಮ ಕಣ್ಣಿಗೆ ಬಿದ್ದದ್ದನ್ನು ಅರ್ಧ ನಿಮಿಷ ಮಾತಿನಲ್ಲಿ ರೆಕಾರ್ಡ್ ಮಾಡಿ ಅಕ್ಕನಿಗೆ ಕಳಿಸಿ. ಅಂಗಡಿಯ ಮುಂದೆ ನಿಂತಿದ್ದವನು ಯಾರಿಗೆ ಕಾಯುತ್ತಿದ್ದಂತಿತ್ತು ಎಂಬುದನ್ನು ಅಲ್ಲಿದ್ದ ನೀವೇ ಹೇಳಬೇಕು.